ಹೆರಿಗೆಯ ನಂತರದ ಹೊಟ್ಟೆ: ಬೆರಳಿನ ಲೆಕ್ಕವೊಂದೇ ಸಾಲದು

ಹೆರಿಗೆಯಾಗಿ 10 ವಾರ ಕಳೆದಿದ್ದ ಬಾಣಂತಿಯೊಬ್ಬರು ತಾಯಿಯ ಜೊತೆ ನಮ್ಮ ಫಿಸಿಯೋಥೆರಪಿ ಕೋಣೆಗೆ ಬಂದಿದ್ದರು. ಚೊಚ್ಚಲ ಹೆರಿಗೆ, ಸಹಜವಾಗಿಯೇ ಆಗಿತ್ತು. ಫೋನಿನಲ್ಲಿ ವೀಡಿಯೋ ನೋಡಿ ಮಲಗಿದಲ್ಲಿಂದ ತಲೆ, ಭುಜ ಎತ್ತುವ ಕ್ರಂಚಸ್ ದಿನಕ್ಕೆ 50 ಶುರು ಮಾಡಿದ್ದರು. “ಹೊಟ್ಟೆ ಒಳಗೆ ಹೋಗೋದಿರಲಿ ಮೇಡಂ, ಮೇಲೆ ಏಳುವಾಗ ನಡುಮಧ್ಯೆ ಉದ್ದಕ್ಕೆ ಉಬ್ಬಿ ಬರುತ್ತೆ. ಹರ್ನಿಯಾ ಇರಬಹುದಾ?” ಅಂತ ಅವರ ಆತಂಕ.

ಹೊಟ್ಟೆಯ ಮುಂಭಾಗದಲ್ಲಿ ಎದೆಮೂಳೆಯ ಕೆಳಗಿನಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಎರಡು ಸ್ನಾಯುಪಟ್ಟಿಗಳು ಅಕ್ಕಪಕ್ಕ ಇಳಿಯುತ್ತವೆ. ಅವೆರಡನ್ನೂ ಹಿಡಿದಿರುವುದು ಲಿನಿಯಾ ಆಲ್ಬಾ ಎಂಬ ನಾರಿನ ಗೆರೆ. ಗರ್ಭ ಬೆಳೆದಂತೆ ಆ ಗೆರೆ ಅಗಲಕ್ಕೆ ಹಿಗ್ಗಿ ತೆಳ್ಳಗಾಗುತ್ತದೆ, ಪಟ್ಟಿಗಳು ದೂರ ಸರಿಯುತ್ತವೆ. ಡಯಾಸ್ಟಾಸಿಸ್ ರೆಕ್ಟೈ ಎಂದರೆ ಇದೇ. ಇಲ್ಲಿ ಏನೂ ಹರಿದಿರುವುದಿಲ್ಲ. ತುಂಬು ಗರ್ಭಿಣಿಯರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಇಷ್ಟು ಆಗಿಯೇ ಇರುತ್ತದೆ. ನಾರ್ವೆಯಲ್ಲಿ 300 ಚೊಚ್ಚಲ ಗರ್ಭಿಣಿಯರನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯಾದ 6 ವಾರಕ್ಕೆ ಶೇಕಡ 60ರಷ್ಟು ಮಂದಿಯಲ್ಲಿ ಅಂತರ ಉಳಿದಿತ್ತು. ವರ್ಷ ತುಂಬುವಾಗ ಸುಮಾರು ಮೂರನೇ ಒಂದು ಭಾಗದವರಲ್ಲಿ. ಅಂತರ ಇದ್ದವರಿಗೆ ಸೊಂಟನೋವು ಹೆಚ್ಚೇನೂ ಇರಲಿಲ್ಲ ಅನ್ನುವುದು ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು. ಬಾಣಂತಿಯ ಪ್ರತಿಯೊಂದು ನೋವಿಗೂ ಈ ಅಂತರವನ್ನೇ ದೂರುವವರು ಇದನ್ನು ಗಮನಿಸಬೇಕು.

ಅವರನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿ ಪಾದ ಊರಿಸಿದೆ. ಬೆರಳುಗಳನ್ನು ಒಂದಕ್ಕೊಂದು ತಾಗಿಸಿ, ತುದಿ ಕಾಲಿನ ಕಡೆ ಇರುವಂತೆ ಹೊಕ್ಕುಳಿನ ಮೇಲಿಟ್ಟು, ತಲೆಯನ್ನೂ ಭುಜದ ಮೇಲ್ಭಾಗವನ್ನೂ ಸ್ವಲ್ಪವೇ ಎತ್ತಲು ಹೇಳಿದೆ. ಆಗ ಎರಡೂ ಪಟ್ಟಿಗಳ ಅಂಚು ಬೆರಳಿನ ಪಕ್ಕಕ್ಕೆ ಗಟ್ಟಿಯಾಗಿ ಸಿಗುತ್ತದೆ. ಹೊಕ್ಕುಳಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ಮತ್ತು ಕೆಳಗೆ ಕೂಡ ಹೀಗೇ ನೋಡಬೇಕು. ಇವರಿಗೆ ಮೇಲೆ 3 ಬೆರಳು, ಹೊಕ್ಕುಳಿನಲ್ಲಿ ಎರಡೂವರೆ, ಕೆಳಗೆ 1 ಬೆರಳು ಇತ್ತು. ಎರಡು ಬೆರಳಿಗಿಂತ ಹೆಚ್ಚಿದ್ದರೆ ಡಯಾಸ್ಟಾಸಿಸ್ ಅನ್ನುವುದು ರೂಢಿ. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಬೆರಳು ನಾದಿದ ಹಿಟ್ಟಿನೊಳಗೆ ಇಳಿದಂತೆ ಇಳಿದದ್ದು. ಗೆರೆ ಅಗಲವಾಗಿದ್ದದ್ದು ಮಾತ್ರವಲ್ಲ, ಭಾರ ಬಿದ್ದಾಗ ಬಿಗಿಯಾಗುತ್ತಲೂ ಇರಲಿಲ್ಲ.

ಹರ್ನಿಯಾದ ಅನುಮಾನಕ್ಕೆ, ನಿಲ್ಲಿಸಿ ಕೆಮ್ಮಿಸಿ ನೋಡಿದೆ. ಒಂದೇ ಜಾಗದಲ್ಲಿ ದುಂಡಗಿನ ಗಂಟು ಕಾಣಲಿಲ್ಲ, ನೋವೂ ಇರಲಿಲ್ಲ. ಗಂಟು ಇದ್ದು, ಒತ್ತಿದರೂ ಒಳಗೆ ಹೋಗದೆ ನೋಯುತ್ತಿದ್ದರೆ, ಅದರಲ್ಲೂ ಜೊತೆಗೆ ವಾಂತಿ ಇದ್ದರೆ, ವ್ಯಾಯಾಮದ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮತ್ತೆ ಮಲಗಿಸಿ ಇನ್ನೊಂದು ಪರೀಕ್ಷೆ ಮಾಡಿದೆ. “ಉಸಿರು ನಿಧಾನ ಬಿಡ್ತಾ, ಮೂತ್ರ ಮತ್ತು ಗಾಳಿ ತಡೆಯೋ ಹಾಗೆ ಕೆಳಗಿಂದ ಮೇಲಕ್ಕೆ ಎಳ್ಕೊಳ್ಳಿ. ಕಿಬ್ಬೊಟ್ಟೆ ತಾನಾಗೇ ಒಳಗೆ ಬರುತ್ತೆ. ಈಗ ತಲೆ ಎತ್ತಿ” ಅಂದೆ. ಅಂತರ ಕಡಿಮೆಯಾಗಲಿಲ್ಲ, ಆದರೆ ಉಬ್ಬು ಅರ್ಧಕ್ಕರ್ಧ ಇಳಿಯಿತು, ಬೆರಳಿಗೆ ಎದುರೊತ್ತು ಸಿಕ್ಕಿತು. ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗಲೂ ಇಂಥದ್ದೇ ಕಾಣುತ್ತದೆ: ಬರೀ ತಲೆ ಎತ್ತಿದರೆ ಪಟ್ಟಿಗಳು ಹತ್ತಿರ ಬರುತ್ತವೆ, ಆದರೆ ನಡುವಿನ ಗೆರೆ ಸಡಿಲವಾಗಿ ಸುಕ್ಕಾಗಬಹುದು. ಒಳಪದರದ ಅಡ್ಡಸ್ನಾಯು ಮೊದಲು ಬಿಗಿಯಾದರೆ ಅಂತರ ಅಷ್ಟು ಕಿರಿದಾಗುವುದಿಲ್ಲ, ಗೆರೆ ಮಾತ್ರ ಬಿಗಿಯಾಗಿ ನಿಲ್ಲುತ್ತದೆ. ಅಂತರ ಮುಚ್ಚುವುದೊಂದನ್ನೇ ಗುರಿ ಮಾಡಿಕೊಂಡವರು ಈ ಕಾರಣಕ್ಕೇ ದಾರಿ ತಪ್ಪುತ್ತಾರೆ.

ಸೀನುವಾಗ ಮೂತ್ರ ಸೋರುತ್ತದೆಯೇ ಎಂದು ಕೇಳಿದಾಗ ಒಂದು ಕ್ಷಣ ತಾಯಿಯ ಮುಖ ನೋಡಿ, ಹೌದೆಂದರು. ಅದನ್ನು ತಾವಾಗಿ ಹೇಳುವವರು ಕಡಿಮೆ, ಆದ್ದರಿಂದ ಕೇಳಲೇಬೇಕು. ಸೋರಿಕೆ ಇದ್ದರೆ, ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಶ್ರೋಣಿಯ ತಳದ ಸ್ನಾಯುಗಳಿಂದಲೇ ಶುರು. 5 ಸೆಕೆಂಡ್ ಎಳೆದು ಹಿಡಿದು ಪೂರ್ತಿ ಸಡಿಲ ಬಿಡುವುದು, ಹೀಗೆ 10 ಸಲ. ಆಮೇಲೆ 10 ಸಲ ಬೇಗಬೇಗ. ದಿನಕ್ಕೆ ಮೂರು ಹೊತ್ತು. ಹಿಡಿತವನ್ನು ನಿಧಾನಕ್ಕೆ 10 ಸೆಕೆಂಡ್‌ಗೆ ಏರಿಸಬೇಕು. ಮೂತ್ರ ಮಾಡುವಾಗಲೇ ನಿಲ್ಲಿಸಿ ಅಭ್ಯಾಸ ಮಾಡಬಾರದು.

“ಹೊಟ್ಟೆಗೆ ಸೀರೆ ಬಿಗಿಯಾಗಿ ಕಟ್ಟಿದ್ರೆ ಸರಿಹೋಗಲ್ವೇನಮ್ಮ?” ಅಂದರು ತಾಯಿ. ಮೊದಲ ಕೆಲವು ವಾರ ಹಗುರವಾಗಿ ಕಟ್ಟಿದರೆ ಏಳಲು ಕೂರಲು ಆಸರೆಯಾಗುತ್ತದೆ, ನಿಜ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಗಿಳಿದು, ಈಗಾಗಲೇ ದಣಿದಿರುವ ತಳದ ಸ್ನಾಯುಗಳ ಮೇಲೆ ಬೀಳುತ್ತದೆ. ಗೆರೆಯನ್ನು ಗಟ್ಟಿ ಮಾಡುವ ಕೆಲಸ ಬಟ್ಟೆಯಿಂದ ಆಗುವುದಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ.

ಕ್ರಂಚಸ್ ನಿಲ್ಲಿಸಿ ಹೊಟ್ಟೆಗೆಂದು ಕೊಟ್ಟದ್ದು ಎರಡೇ ವ್ಯಾಯಾಮ. ಉಸಿರು ಎಳೆದಾಗ ಪಕ್ಕೆಲುಬು ಅಗಲವಾಗಲಿ, ಬಿಡುವಾಗ ತಳ ಮೇಲಕ್ಕೆ, ಕಿಬ್ಬೊಟ್ಟೆ ಮೆಲ್ಲಗೆ ಒಳಕ್ಕೆ: 10 ಸಲ. ಎರಡನೆಯದು, ಉಸಿರು ಬಿಡುತ್ತಾ ಒಂದು ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಕಾಲು ಚಾಚಿ, ಮತ್ತೆ ಮಡಚುವುದು: ಒಂದೊಂದು ಕಾಲಿಗೆ 8 ಸಲ, ಎರಡು ಸುತ್ತು. ಸಾಮಾನ್ಯ ತಪ್ಪೆಂದರೆ ಹೊಟ್ಟೆಯನ್ನು ಪೂರ್ತಿ ಒಳಗೆ ಹೀರಿ ಉಸಿರು ಹಿಡಿದುಬಿಡುವುದು. ಎದೆ ಮೇಲೆದ್ದು, ಪಕ್ಕೆಲುಬಿನ ಕೆಳಗೆ ಗುಂಡಿ ಬಿದ್ದರೆ ಹಾಗಾಗುತ್ತಿದೆ ಎಂದರ್ಥ. ಉಬ್ಬು ಕಂಡರೂ, ಉಸಿರು ಕಟ್ಟಿದರೂ, ಮೂತ್ರ ಸೋರಿದರೂ ಅವತ್ತಿಗೆ ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಹಾಸಿಗೆಯಿಂದ ಏಳುವುದನ್ನೂ ತಿದ್ದಿದೆ. ರಾತ್ರಿ ಹಾಲೂಡಿಸಲು ಎಷ್ಟು ಸಲ ಎದ್ದರೆ ಅಷ್ಟು ಸಲವೂ ಅವರು ನೇರ ಮೇಲೇಳುತ್ತಿದ್ದರು, ಅಂದರೆ ಲೆಕ್ಕಕ್ಕೆ ಸಿಗದ ಕ್ರಂಚಸ್. ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಲು ಹೇಳಿದೆ.

ನಾಲ್ಕು ವಾರದ ನಂತರ ಬಂದಾಗ ಹೊಕ್ಕುಳಿಗಿಂತ ಮೇಲಿನ ಜಾಗದಲ್ಲಿ 3 ಬೆರಳಿದ್ದದ್ದು ಎರಡೂವರೆ ಆಗಿತ್ತು, ದೊಡ್ಡ ಬದಲಾವಣೆಯೇನಲ್ಲ. ಆದರೆ ಕಾಲು ಜಾರಿಸುವಾಗ ಉಬ್ಬು ಇರಲಿಲ್ಲ, ಬೆರಳು ಒಳಗಿಳಿಯುತ್ತಿರಲಿಲ್ಲ, ಸೋರಿಕೆ ನಿಂತಿತ್ತು. ಗೋಡೆಗೆ ಕೈಯೂರಿ ಪುಶ್‌ಅಪ್, ಕುರ್ಚಿಯಿಂದ ಕೂತು ಏಳುವುದು, ಸೊಂಟ ಎತ್ತುವ ಬ್ರಿಡ್ಜ್ ಸೇರಿಸಿದೆ. ಜೊತೆಗೆ ಉಸಿರು ಬಿಡುತ್ತಾ ತಲೆ ಎತ್ತುವುದು, 6 ಸಲ. “ಕ್ರಂಚಸ್ ಬೇಡ ಅಂದಿದ್ರಲ್ಲ ಮೇಡಂ!” ಅಂದರು. ಬೇಡವೆಂದದ್ದು ಗೆರೆಗೆ ತಡೆಯುವ ಶಕ್ತಿ ಇಲ್ಲದಿದ್ದಾಗಿನ ಮಾತು. ಹೆರಿಗೆಯಾಗಿ 6ರಿಂದ 12 ತಿಂಗಳಾಗಿದ್ದ, ಅಂತರ ಇದ್ದ ಮಹಿಳೆಯರಿಗೆ 12 ವಾರ ಕ್ರಂಚಸ್‌ನಂಥದ್ದೇ ಕರ್ಲ್-ಅಪ್ ಮಾಡಿಸಿದ 2023ರ ನಾರ್ವೆಯ ಅಧ್ಯಯನದಲ್ಲಿ ಅಂತರ ಹೆಚ್ಚಾಗಲಿಲ್ಲ, ಸ್ನಾಯುಬಲ ಹೆಚ್ಚಿತು. ಜೀವಮಾನವಿಡೀ ಕ್ರಂಚಸ್ ನಿಷೇಧ ಎನ್ನುವುದಕ್ಕೆ ಆಧಾರವಿಲ್ಲ. ಇವರಿಗಿನ್ನೂ 14 ವಾರವಾದ್ದರಿಂದ ಆರಕ್ಕೇ ನಿಲ್ಲಿಸಿದೆ, ಅಷ್ಟೇ. ಕೈಯೂರಿ ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್ ಕೂಡ ಮೊದಲು ಗೋಡೆಗೆ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ. ಓಟ ಹೆರಿಗೆಯಾಗಿ 12 ವಾರ ಆಗುವ ಮೊದಲು ಬೇಡ. ಸೋರಿಕೆ ಅಥವಾ ಕೆಳಗೆ ಏನೋ ಜಾರಿದಂತೆ ಭಾರ ಅನ್ನಿಸುತ್ತಿದ್ದರೆ ಆಮೇಲೂ ಬೇಡ.

ಸಿಸೇರಿಯನ್ ಆದವರಲ್ಲಿ ಸಾಮಾನ್ಯವಾಗಿ ಈ ಪಟ್ಟಿಗಳನ್ನು ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸುತ್ತಾರೆ. ಆದರೆ ಅವುಗಳ ಹೊದಿಕೆಗೆ, ಗರ್ಭಕೋಶಕ್ಕೆ ಹೊಲಿಗೆ ಇರುತ್ತದೆ. ನಡಿಗೆ, ಉಸಿರಾಟ ಬೇಗ ಶುರುವಾಗಬಹುದು. ಹೊಟ್ಟೆಗೆ ಭಾರ ಕೊಡುವುದು 6 ವಾರದ ತಪಾಸಣೆಯ ನಂತರ, ವೈದ್ಯರು ಒಪ್ಪಿದ ಮೇಲೆ. ವರ್ಷ ಕಳೆದು, ಕ್ರಮವಾಗಿ ಅಭ್ಯಾಸ ಮಾಡಿದ ಮೇಲೂ ಗೆರೆ ಸಡಿಲವಾಗಿಯೇ ಇದ್ದು ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಶಸ್ತ್ರಚಿಕಿತ್ಸಕರನ್ನು ಕಾಣಬಹುದು. ಮುಂದೆ ಇನ್ನೊಂದು ಮಗು ಬೇಕೆಂದಿದ್ದರೆ ಆ ಹೆರಿಗೆ ಮುಗಿಯುವವರೆಗೆ ಕಾಯುವಂತೆ ಅವರು ಸಾಮಾನ್ಯವಾಗಿ ಹೇಳುತ್ತಾರೆ, ಏಕೆಂದರೆ ಮುಂದಿನ ಗರ್ಭ ಅದೇ ಗೆರೆಯನ್ನು ಮತ್ತೆ ಹಿಗ್ಗಿಸುತ್ತದೆ.