ಕಾರ್ಡ್ ನಂಬರ್ ಅವನೇ ಹೇಳಿದನಲ್ಲ!

ಮಂಗಳವಾರ ಹನ್ನೆರಡು ಗಂಟೆಗೆ ಹತ್ತು ನಿಮಿಷ ಇರುವಾಗ ಡೊಂಬಿವಲಿಯ ನಮ್ಮ ಶಾಖೆಗೆ ಆ ಅಮ್ಮ ಬಂದರು. ಕುಂದಾಪುರ ಕಡೆಯವರು. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿದೆ, ಫ್ಯಾಮಿಲಿ ಪೆನ್ಷನ್ ನಮ್ಮಲ್ಲೇ ಜಮೆಯಾಗುತ್ತದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಾರ್ಡು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: "ಕಾರ್ಡ್ ನಂಬರ್ ಅವನೇ ಹೇಳಿದನಲ್ಲ ಸರ್! ಬ್ಯಾಂಕಿನವನಲ್ಲದಿದ್ದರೆ ಅವನಿಗೆ ಹೇಗೆ ಗೊತ್ತಾಗ್ಬೇಕು?"

ಆಮೇಲೆ ಅರ್ಧ ಗಂಟೆಯಲ್ಲಿ ನಾಲ್ಕೈದು ಸಲ ಇದನ್ನೇ ಕೇಳಿದರು. ಹಣ ಹೋದದ್ದಕ್ಕಿಂತ ಈ ಪ್ರಶ್ನೆಗೆ ಉತ್ತರ ಸಿಗದಿರುವುದೇ ಅವರನ್ನು ಹೆಚ್ಚು ಕಾಡುತ್ತಿತ್ತು ಅನ್ನಿಸಿತು. ಪಕ್ಕದ ಕೌಂಟರಿನವರು "ಓಟಿಪಿ ಕೊಟ್ಟ ಮೇಲೆ ನಾವೇನು ಮಾಡೋಕಾಗುತ್ತೆ" ಅಂದರು. ಹಿಂದೆಯೇ ಓಡಿಬಂದ ಮಗ "ಇಷ್ಟೂ ಗೊತ್ತಾಗಲ್ವಾ ಅಮ್ಮಾ" ಎಂದು ಎಲ್ಲರೆದುರು ರೇಗಿದ. ಇಬ್ಬರೂ ಆಡಬಾರದ ಮಾತು. ಆಕೆ ಕೇಳಿದ್ದು ಬುದ್ಧಿವಂತರು ಕೇಳುವ ಪ್ರಶ್ನೆಯನ್ನೇ. ಅದಕ್ಕೆ ಸರಿಯಾದ ಉತ್ತರವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಕರೆ ಬಂದದ್ದು 11:05ಕ್ಕೆ, ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರಿನಿಂದ. ಕೆವೈಸಿ ಅವಧಿ ಮುಗಿದಿದೆ, ಸಂಜೆ ಐದಕ್ಕೆ ಕಾರ್ಡ್ ಬ್ಲಾಕ್ ಆಗುತ್ತದೆ, ಶಾಖೆಗೆ ಬರುವುದು ಬೇಡ, ಫೋನಿನಲ್ಲೇ ಮುಗಿಸಿಕೊಡುತ್ತೇನೆ ಎಂದ. ಹಿಂದಿಯಲ್ಲಿ, ನಡುನಡುವೆ ಮರಾಠಿಯಲ್ಲಿ, ತುಂಬ ಮರ್ಯಾದೆಯ ಮಾತು. ಆಕೆಯ ಹೆಸರು, ಹುಟ್ಟಿದ ತಾರೀಖು ಹೇಳಿದ. ಆಮೇಲೆ ಕಾರ್ಡಿನ ಮೊದಲ ಆರು ಅಂಕಿ ಓದಿದ, ಕೊನೆಯ ನಾಲ್ಕೂ ಓದಿದ. "ನಡುವಿನದ್ದನ್ನು ಖಾತ್ರಿಗಾಗಿ ನೀವು ಹೇಳಿ" ಎಂದ. ಆಕೆ ಕನ್ನಡಕ ಹಾಕಿಕೊಂಡು ಓದಿ ಹೇಳಿದರು. ಆಮೇಲೆ ಕಾರ್ಡಿನ ಅವಧಿ, ಹಿಂದೆ ಇರುವ ಮೂರಂಕಿ. ಕೊನೆಗೆ, "ಈಗೊಂದು ಕೆವೈಸಿ ನಂಬರ್ ಬರುತ್ತದೆ, ಅದನ್ನು ಹೇಳಿಬಿಡಿ."

ಅವನಿಗೆ ಮೊದಲೇ ಗೊತ್ತಿದ್ದದ್ದು ಎಷ್ಟು? ಕಾರ್ಡಿನ ಹದಿನಾರು ಅಂಕಿಗಳಲ್ಲಿ ಮೊದಲ ಆರು, ಕೆಲವು ಕಾರ್ಡುಗಳಲ್ಲಿ ಎಂಟು, ಗ್ರಾಹಕರದ್ದೇ ಅಲ್ಲ. ಅವು ಯಾವ ಬ್ಯಾಂಕು, ಯಾವ ಬಗೆಯ ಕಾರ್ಡು ಎಂದು ಹೇಳುವ ಅಂಕಿಗಳು. ಒಂದೇ ಬ್ಯಾಂಕಿನ ಒಂದೇ ಬಗೆಯ ಕಾರ್ಡುಗಳಲ್ಲಿ ಅವು ಒಂದೇ ಇರುತ್ತವೆ. ಆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದವನಿಗೂ ಅವು ಗೊತ್ತು. ಕೊನೆಯ ನಾಲ್ಕು ಅಂಕಿ ಅಂಗಡಿಯ ಚೀಟಿಯಲ್ಲೂ ಅಚ್ಚಾಗುತ್ತವೆ, ಪ್ರತಿ ಮೆಸೇಜಿನಲ್ಲೂ ಬರುತ್ತವೆ. ಹೆಸರು, ಹುಟ್ಟಿದ ತಾರೀಖು, ಮೊಬೈಲ್ ನಂಬರ್ ಎಲ್ಲಿಂದಲೋ ಸೋರಿದ ಪಟ್ಟಿಯಲ್ಲಿ ಸಿಗುತ್ತವೆ. ಅವನ ಹತ್ತಿರ ಇಲ್ಲದಿದ್ದದ್ದು ನಡುವಿನ ಆರು ಅಂಕಿ. ಅವನ್ನೇ "ಖಾತ್ರಿ" ಎಂಬ ಹೆಸರಿನಲ್ಲಿ ತೆಗೆದುಕೊಂಡ. ಹತ್ತು ಅಂಕಿ ತಾನು ಹೇಳಿದ್ದರಿಂದ ಹದಿನಾರೂ ತನಗೆ ಗೊತ್ತು ಎಂಬ ನಂಬಿಕೆ ಹುಟ್ಟಿಸಿದ.

ಆಮೇಲೆ ಬಂದದ್ದು ಓಟಿಪಿ. ಆಕೆಯ ಫೋನಿನಲ್ಲಿ ಆ ಮೆಸೇಜ್ ಇನ್ನೂ ಇತ್ತು. ಅಂಕಿಗಳನ್ನು ಬದಲಿಸಿ ಇಲ್ಲಿ ಕೊಡುತ್ತೇನೆ:

```
482913 is OTP for txn of Rs.48,750.00
on Debit Card ending 7706.
Do not share with anyone.
```

ಕರೆಯ ನಡುವೆ ಮೆಸೇಜ್ ಬಂದರೆ ಪರದೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ ಇಣುಕುತ್ತದೆ, ಅದರಲ್ಲಿ ಮೊದಲು ಕಾಣುವುದು ಆರು ಅಂಕಿ. ಮೊತ್ತ ಆಮೇಲೆ, ಎಚ್ಚರಿಕೆ ಎಲ್ಲಕ್ಕಿಂತ ಕೊನೆಗೆ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದಿದವರು ಫೋನು ಕಿವಿಯಿಂದ ತೆಗೆದು, ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷಿನ ಮೂರನೇ ಸಾಲು ಓದುವಷ್ಟು ಹೊತ್ತು ಅವನು ಸುಮ್ಮನಿರುತ್ತಾನೆಯೇ? "ಬೇಗ ಹೇಳಿ ಅಮ್ಮಾ, ಟೈಮ್ ಮುಗಿಯುತ್ತೆ" ಎನ್ನುತ್ತಲೇ ಇದ್ದನಂತೆ. ಅವನ ಅವಸರಕ್ಕೆ ಕಾರಣವಿದೆ. ಓಟಿಪಿಗೆ ಇರುವ ಆಯುಸ್ಸು ಕೆಲವೇ ನಿಮಿಷ, ಅಷ್ಟರೊಳಗೆ ಅವನ ಮುಂದಿನ ಪರದೆಯಲ್ಲಿ ಅದನ್ನು ಒತ್ತಬೇಕು.

ಆ ಪರದೆ ಬ್ಯಾಂಕಿನ ಕೆವೈಸಿಯದ್ದಲ್ಲ, ಯಾವುದೋ ಅಂಗಡಿಗೆ ಅಥವಾ ವಾಲೆಟ್ಟಿಗೆ ಹಣ ಕೊಡುವ ಪುಟ. ಆನ್‌ಲೈನಿನಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಕಾರ್ಡಿನ ಮೇಲೆ ಅಚ್ಚಾಗಿರುವುದಷ್ಟೇ ಸಾಲದು, ಇನ್ನೊಂದು ಖಾತ್ರಿ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯ ಮಾಡಿತು. ಆ ಇನ್ನೊಂದು ಖಾತ್ರಿಯೇ ಓಟಿಪಿ. ಯಾರೋ ಕಾರ್ಡಿನ ವಿವರ ತುಂಬಿದ ತಕ್ಷಣ ಬ್ಯಾಂಕಿನ ಕಂಪ್ಯೂಟರ್ ಆರು ಅಂಕಿ ಹುಟ್ಟಿಸಿ ಖಾತೆದಾರರ ಫೋನಿಗೆ ಕಳಿಸುತ್ತದೆ. "ಇದನ್ನು ಮಾಡುತ್ತಿರುವುದು ನೀವೇನಾ?" ಎಂದು ಬ್ಯಾಂಕು ಕೇಳುವ ರೀತಿ ಅದು. ಪುಟದಲ್ಲಿ ಅದೇ ಅಂಕಿ ಬಿದ್ದರೆ ಹೌದು ಎಂದರ್ಥ.

ಹಾಗಾದರೆ ಬ್ಯಾಂಕಿನವರು ಅದನ್ನು ಫೋನು ಮಾಡಿ ಕೇಳುವುದು ಯಾತಕ್ಕೆ? ಲಾಕರ್ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾಕರಿಗೆ ಎರಡು ಕೀಲಿ. ನಮ್ಮ ಕೀಲಿ ನಮ್ಮ ಹತ್ತಿರ, ಗ್ರಾಹಕರದ್ದು ಅವರ ಹತ್ತಿರ. ಯಾವ ಅಧಿಕಾರಿಯೂ ಮನೆಗೆ ಫೋನು ಮಾಡಿ "ನಿಮ್ಮ ಕೀಲಿ ಕಳಿಸಿಕೊಡಿ, ಲಾಕರಿಗೆ ಎಣ್ಣೆ ಹಾಕಬೇಕು" ಅನ್ನುವುದಿಲ್ಲ. ಬ್ಯಾಂಕಿನ ಕೆಲಸಕ್ಕೆ ಆ ಕೀಲಿ ಬೇಕಾಗಿಲ್ಲ. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಕಾರ್ಡ್ ಬ್ಲಾಕ್ ಮಾಡಬಹುದು, ಕೆವೈಸಿ ಕಾಗದ ಸೇರಿಸಬಹುದು, ದೂರು ದಾಖಲಿಸಬಹುದು. ಫೋನಿನಲ್ಲಿ ಕೇಳಿ ಗ್ರಾಹಕರ ಪಾವತಿಯ ಓಟಿಪಿ ತುಂಬುವ ಜಾಗ ಅದರಲ್ಲೆಲ್ಲೂ ಇಲ್ಲ. ಬ್ಲಾಕ್ ಮಾಡದಿರಲು ಓಟಿಪಿ ಬೇಕು ಅನ್ನುವುದು ಸುಳ್ಳು, ತಪ್ಪಾಗಿ ಹೋದ ಹಣ ವಾಪಸ್ ಹಾಕಲು ಬೇಕು ಅನ್ನುವುದೂ ಸುಳ್ಳು. ಖಾತೆಗೆ ಹಣ ಬರಲು ಓಟಿಪಿ ಬೇಡ. ಹೋಗಲು ಬೇಕು. ಆದ್ದರಿಂದ ಫೋನಿನಲ್ಲಿ ಅದನ್ನು ಕೇಳುವವನು ಹಣ ಹೋಗುವ ಬಾಗಿಲಿನ ಹೊರಗೆ ನಿಂತವನು. ಬ್ಯಾಂಕುಗಳ ಸೇವೆಯ ಕರೆಗಳಿಗೆಂದು 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ, ಒಳ್ಳೆಯದೇ. ಆದರೆ ಯಾವ ನಂಬರಿನಿಂದ ಬಂದರೂ, ಮಾತಾಡುವವನಿಗೆ ಏನೆಲ್ಲ ಗೊತ್ತಿದ್ದರೂ, ಓಟಿಪಿ ಕೇಳಿದರೆ ಅವನು ಬ್ಯಾಂಕಿನವನಲ್ಲ.

ಜನ ಇಲ್ಲಿ ಎಡವುವುದಕ್ಕೆ ಇನ್ನೊಂದು ಕಾರಣವಿದೆ, ನಾವು ಬ್ಯಾಂಕಿನವರು ಅದನ್ನು ಒಪ್ಪಿಕೊಳ್ಳುವುದಿಲ್ಲ. ಇದೇ ಅಮ್ಮ ಗ್ಯಾಸ್ ಸಿಲಿಂಡರ್ ತಂದವನಿಗೆ ಕೋಡ್ ಹೇಳುತ್ತಾರೆ, ಪಾರ್ಸೆಲ್ ತಂದವನಿಗೆ ಹೇಳುತ್ತಾರೆ. ನಮ್ಮ ಶಾಖೆಯಲ್ಲೇ ಆಧಾರ್ ಓಟಿಪಿ ಬಂದಾಗ ಕೌಂಟರಿನವರು "ಎಷ್ಟು ಬಂತು?" ಅನ್ನುತ್ತಾರೆ. ದಿನವೂ ಕೋಡ್ ಹೇಳಿಸಿಕೊಂಡು ಅಭ್ಯಾಸ ಮಾಡಿಸಿ, ಆಮೇಲೆ ಯಾರಿಗೂ ಹೇಳಬೇಡಿ ಎಂದರೆ ಆ ಎಚ್ಚರಿಕೆ ಕಿವಿಗೆ ಬೀಳುವುದೇ ಇಲ್ಲ. ವ್ಯತ್ಯಾಸ ಇರುವುದು ಮೆಸೇಜಿನ ಒಳಗೆ. ಸಿಲಿಂಡರಿನ ಕೋಡಿನಲ್ಲಿ ನೀವು ಬುಕ್ ಮಾಡಿದ ಸಿಲಿಂಡರಿನ ಮಾತಿರುತ್ತದೆ, ಸಿಲಿಂಡರ್ ನಿಮ್ಮ ಬಾಗಿಲಲ್ಲಿರುತ್ತದೆ. ಕೆಲಸ ಶುರುಮಾಡಿದವರು ನೀವು. ಮೇಲಿನ ಮೆಸೇಜಿನಲ್ಲಿ 48,750 ರೂಪಾಯಿ ಇದೆ, ಕೆವೈಸಿ ಎಂಬ ಮಾತೇ ಇಲ್ಲ.

11:14ಕ್ಕೆ 48,750 ಹೋಯಿತು. ಹಣ ಕಡಿತವಾದ ಮೆಸೇಜೂ ಬಂತು. ಆಕೆ ಗಾಬರಿಯಾಗಿ ಕೇಳಿದಾಗ ಅವನು ಹೇಳಿದ್ದು: "ಅದು ಪರೀಕ್ಷೆಗೆ ಕಡಿತವಾದದ್ದು, ವಾಪಸ್ ಹಾಕುವುದಕ್ಕೆ ಇನ್ನೊಂದು ನಂಬರ್ ಬರುತ್ತದೆ, ಫೋನ್ ಇಡಬೇಡಿ." 11:21ಕ್ಕೆ ಇನ್ನೂ 31,400. ಎರಡೂ ಸೇರಿ 80,150. ಫೋನ್ ಇಡಬೇಡಿ ಅನ್ನುವುದು ಸುಮ್ಮನೆ ಆಡಿದ ಮಾತಲ್ಲ. ಆ ಏಳು ನಿಮಿಷದಲ್ಲಿ ಆಕೆ ಫೋನಿಟ್ಟು ಮಗನಿಗೋ ಬ್ಯಾಂಕಿಗೋ ಕರೆ ಮಾಡಿದ್ದರೆ ಎರಡನೆಯದು ಉಳಿಯುತ್ತಿತ್ತು.

ನಾವು 11:53ಕ್ಕೆ ಕಾರ್ಡ್ ಬ್ಲಾಕ್ ಮಾಡಿದೆವು. 11:58ಕ್ಕೆ ಅದೇ ಕಾರ್ಡಿನಲ್ಲಿ ಮೂರನೇ ಪ್ರಯತ್ನ ನಡೆದು ತಿರಸ್ಕೃತವಾಗಿರುವುದು ದಾಖಲೆಯಲ್ಲಿ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ಜುಲೈ 2017ರ ನಿಯಮದ ಪ್ರಕಾರ, ಗ್ರಾಹಕರೇ ಗುಟ್ಟಿನ ಅಂಕಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಅದಕ್ಕೇ ತಿಳಿಸಿದ ಸಮಯಕ್ಕೆ ಇಷ್ಟು ಬೆಲೆ, ದೂರಿನ ನಂಬರ್ ಬರೆಸಿಕೊಳ್ಳದೆ ಏಳಬಾರದು.

ಮಗನನ್ನು ಕೂರಿಸಿ 1930ಕ್ಕೆ ಫೋನ್ ಮಾಡಿಸಿದೆವು. ಅಲ್ಲಿ ಕೇಳುವುದು ಖಾತೆ ನಂಬರ್, ಎರಡೂ ವ್ಯವಹಾರದ ಮೊತ್ತ, ಸಮಯ ಮತ್ತು ರೆಫರೆನ್ಸ್ ನಂಬರ್, ಇವು ಮೆಸೇಜಿನಲ್ಲೋ ಸ್ಟೇಟ್‌ಮೆಂಟಿನಲ್ಲೋ ಸಿಗುತ್ತವೆ. ಆ ವಿವರ ಹಿಡಿದು ಹಣ ಹೋದ ಕಡೆಗೆ ಸೂಚನೆ ಹೋಗುತ್ತದೆ, ಅಲ್ಲಿ ಇನ್ನೂ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ಮೊದಲ ಮೊತ್ತ ಒಂದು ವಾಲೆಟ್ಟಿಗೆ ಹೋಗಿತ್ತು, ಅದರಲ್ಲಿ ಉಳಿದಿದ್ದ 19,000ವನ್ನು ತಡೆಹಿಡಿದಿದ್ದಾರೆ. ಎರಡನೆಯದರಲ್ಲಿ ಗಿಫ್ಟ್ ವೋಚರ್ ಕೊಂಡಿದ್ದ, ಅದು ಆಗಲೇ ಖರ್ಚಾಗಿತ್ತು. ತಡೆಹಿಡಿದದ್ದೂ ತಾನಾಗಿ ಖಾತೆಗೆ ಬರುವುದಿಲ್ಲ. cybercrime.gov.in ನಲ್ಲಿ ಪೂರ್ತಿ ದೂರು ಹಾಕಿ, ಪೊಲೀಸರ ಮೂಲಕ ಬಿಡಿಸಿಕೊಳ್ಳಬೇಕು.

ಹೊಸ ಕಾರ್ಡನ್ನು ಕೌಂಟರಿನಲ್ಲೇ ಕೊಟ್ಟೆವು. ಆನ್‌ಲೈನ್ ಬಳಕೆಯನ್ನು ಶುರುಮಾಡಲಿಲ್ಲ. ಆಕೆ ಆನ್‌ಲೈನಿನಲ್ಲಿ ಏನೂ ಕೊಳ್ಳುವವರಲ್ಲ, ಎಟಿಎಮ್ಮಿಗಷ್ಟೇ ಬೇಕು. ಇದನ್ನು ಬ್ಯಾಂಕಿನ ಆ್ಯಪಿನಲ್ಲಿ ಗ್ರಾಹಕರೇ ತೆಗೆದುಹಾಕಬಹುದು, ದಿನದ ಮಿತಿಯನ್ನೂ ಇಳಿಸಬಹುದು. ಹಳೆಯ ಕಾರ್ಡಿನಲ್ಲಿ ಅದು ಯಾಕೆ ಚಾಲೂ ಇತ್ತು ಎಂದು ಮಗನನ್ನು ಕೇಳಿದೆ. ಒಂದು ಸಲ ಕರೆಂಟ್ ಬಿಲ್ ಕಟ್ಟಲು ತಾನೇ ಹಾಕಿದ್ದು ಎಂದ. ಆಮೇಲೆ ರೇಗಲಿಲ್ಲ.

ಅಮ್ಮ ಮತ್ತೆ ಕೇಳಿದರು: "ಆದರೂ ಸರ್, ನಂಬರ್ ಅವನೇ ಹೇಳಿದನಲ್ಲ..."

ಅವರ ಹಳೆಯ ಕಾರ್ಡನ್ನೂ ಹೊಸ ಕಾರ್ಡನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಇಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಂಕಿ ಓದಿದರು. ಆರನೆಯದರವರೆಗೂ ಎರಡೂ ಒಂದೇ. ಏಳನೆಯದರಲ್ಲಿ ಬೆರಳು ನಿಂತಿತು.

"ಇದು ಎಲ್ಲರದ್ದೂ ಒಂದೇಯಾ?" ಎಂದರು.