ಫೋಟೋ ನೋಡಿ ಪಾತ್ರೆಯ ಲೋಹ ಹೇಳುವ ಪ್ರಯತ್ನ: ಇಲ್ಲಿಯವರೆಗೆ ಆಗಿದ್ದು

ಪಾತ್ರೆಯ ಫೋಟೋ ಮಾತ್ರ ಇದ್ದರೆ ಅದು ಬೀಡು ಕಬ್ಬಿಣವೋ, ಕಂಚೋ, ಅಲ್ಯೂಮಿನಿಯಮ್ಮೋ, ಸ್ಟೀಲೋ ಅಂತ ಎಷ್ಟರ ಮಟ್ಟಿಗೆ ಹೇಳಬಹುದು? ಇದೇ ಈ ಪ್ರಾಜೆಕ್ಟ್. ಮೊದಲು ಫೋಟೋ ನೋಡಿ ನನ್ನ ಉತ್ತರ ಬರೆದಿಡುತ್ತೇನೆ. ಆಮೇಲೆ ಪಾತ್ರೆಯನ್ನು ಕೈಗೆ ತಗೊಂಡು, ಆಯಸ್ಕಾಂತ ಮತ್ತು ತಕ್ಕಡಿಯಲ್ಲಿ ಸರಿಯೋ ತಪ್ಪೋ ನೋಡುತ್ತೇನೆ. ಹೊಸ ಥಳಥಳ ಪಾತ್ರೆಗಳು ಬೇಗ ಮುಗಿದವು. ನಿಜವಾದ ತಲೆನೋವು ಕಪ್ಪಾದ ಪಾತ್ರೆಗಳದ್ದು.

ಮೊದಲು ಬಣ್ಣದ ವಿಷಯ. ಲೋಹದ ಹೊಳಪಿಗೆ ಒಂದು ಗುಣ ಇದೆ. ಪ್ಲಾಸ್ಟಿಕ್ ಯಾವ ಬಣ್ಣದ್ದಾದರೂ ಅದರ ಮೇಲಿನ ಹೊಳೆಯುವ ಚುಕ್ಕೆ ಬೆಳ್ಳಗೇ ಇರುತ್ತದೆ. ಲೋಹದಲ್ಲಿ ಹಾಗಲ್ಲ, ಹೊಳಪಿಗೇ ಲೋಹದ ಬಣ್ಣ ಹತ್ತುತ್ತದೆ. ಕಂಚಿನಲ್ಲಿ ಕಾಣುವ ಪ್ರತಿಬಿಂಬ ಹೊಂಬಣ್ಣಕ್ಕೆ ತಿರುಗುತ್ತದೆ. ಸ್ಟೀಲ್, ಅಲ್ಯೂಮಿನಿಯಂನಲ್ಲಿ ಹೆಚ್ಚು ಕಡಿಮೆ ಬಣ್ಣವಿಲ್ಲದೆ ಬರುತ್ತದೆ. ಆದರೆ ಹಳದಿ ಬಲ್ಬಿನ ಕೆಳಗೆ ಸ್ಟೀಲ್ ಕೂಡ ಕಂಚಿನ ಹಾಗೆ ಕಾಣುತ್ತದಲ್ವಾ? ಅದಕ್ಕೆ ಈಗ ಒಂದು ಬಿಳಿ ಕಾಗದವನ್ನು ಪಾತ್ರೆಯ ಪಕ್ಕ ನಿಲ್ಲಿಸುತ್ತೇನೆ. ಸುಮ್ನೆ ಪಕ್ಕದಲ್ಲಿದ್ದರೆ ಸಾಲದು, ಅದರ ಪ್ರತಿಬಿಂಬ ಪಾತ್ರೆಯ ಮೈಮೇಲೆ ಬೀಳಬೇಕು. ಯಾಕಂದರೆ ಹೊಳೆಯುವ ಲೋಹ ಎದುರಿಗಿರುವುದನ್ನೇ ತೋರಿಸುತ್ತದೆ. ಎದುರಿಗೆ ಹಸಿರು ಗೋಡೆ ಇದ್ದರೆ ನಾವು ಅಳೆಯುವುದು ಗೋಡೆಯನ್ನೇ.

ಒಂದು ಫೋಟೋದ ಲೆಕ್ಕ ಹೇಳುತ್ತೇನೆ. ಕಾಗದದ ಮೇಲೆ ಕೆಂಪು, ಹಸಿರು, ನೀಲಿ ಅಂಕಿಗಳು 214, 208, 196. ಅದರ ಪ್ರತಿಬಿಂಬದಲ್ಲಿ 186, 162, 118. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕೆಂಪು 0.87, ಹಸಿರು 0.78, ನೀಲಿ 0.60. ನೀಲಿ ಇಷ್ಟು ಕುಸಿದಿದ್ದರೆ ಅದು ತಾಮ್ರ ಬೆರೆತ ಲೋಹ. ಅದೇ ಬೆಳಕಿನಲ್ಲಿ ಒಂದು ಸ್ಟೀಲ್ ಪಾತ್ರೆಗೆ 0.79, 0.78, 0.77 ಬಂತು. ಮೂರೂ ಜೊತೆಜೊತೆಗೇ ಇವೆ. ಒಂದು ಎಚ್ಚರ: ಯಾವುದಾದರೂ ಅಂಕಿ 255 ತಲುಪಿದ್ದರೆ ಆ ಜಾಗ ಬಿಟ್ಟುಬಿಡಬೇಕು. ಅಲ್ಲಿ ಬೆಳಕು ಜಾಸ್ತಿಯಾಗಿ ಬಣ್ಣವೇ ಅಳಿಸಿಹೋಗಿರುತ್ತದೆ.

ಇದು ಕಂಚು ಮತ್ತು ಹಿತ್ತಾಳೆಯನ್ನು ಬೇರೆ ಮಾಡುವುದಿಲ್ಲ. ಹಿತ್ತಾಳೆ ಸ್ವಲ್ಪ ನಿಂಬೆಹಣ್ಣಿನ ಹಳದಿಯ ಕಡೆಗಿರುತ್ತದೆ, ಆದರೆ ಮೊಬೈಲ್ ಫೋಟೋ ನಂಬಿ ಅಷ್ಟು ಸೂಕ್ಷ್ಮ ಹೇಳಲು ನಾನು ತಯಾರಿಲ್ಲ. ಇನ್ನೊಂದು ಮೋಸ ಸ್ಟೀಲ್‌ನದ್ದು. ಜಾಸ್ತಿ ಕಾದ ಸ್ಟೀಲ್ ತಳಕ್ಕೆ ತೆಳುವಾದ ಆಕ್ಸೈಡ್ ಪದರ ಬಂದು ಹೊನ್ನಿನ ಬಣ್ಣ ಹತ್ತುತ್ತದೆ. ಆದರೆ ಆ ಬಣ್ಣ ಒಂದೇ ತರ ಇರುವುದಿಲ್ಲ. ಪಕ್ಕದಲ್ಲೇ ಕಂದು, ನೇರಳೆ, ನೀಲಿ ಪಟ್ಟಿಗಳು ಇರುತ್ತವೆ, ಉರಿ ತಾಗಿದ ಜಾಗದ ಸುತ್ತ ಮಾತ್ರ. ಅಂಚಿನ ಕಡೆ ಹೋದರೆ ಮತ್ತೆ ಬಿಳಿ.

ಮೈಯ ಒರಟುತನ ನೋಡುವುದಕ್ಕೆ ಫ್ಲ್ಯಾಶ್ ಆಫ್ ಮಾಡಿ, ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಮೈಗೆ ಸವರಿಕೊಂಡು ಹೋಗುವ ಹಾಗೆ ಪಾತ್ರೆ ಇಡುತ್ತೇನೆ. ಆಗ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರೆಯ ಸಣ್ಣ ಕಾಳುಕಾಳು ಎದ್ದು ಕಾಣುತ್ತದೆ. ಲೇತ್ ಮೇಲೆ ತಿರುಗಿಸಿದ್ದಾದರೆ ವೃತ್ತದ ಗೆರೆಗಳು, ಮತ್ತು ಆ ಗೆರೆಗಳಿಗೆ ಅಡ್ಡವಾಗಿ ನಡುವಿನಿಂದ ಎರಡು ಕಡೆಗೆ ಬೀಸಣಿಗೆಯಂತೆ ಹರಡಿದ ಹೊಳಪು. ಆದರೆ ಬರಬರುತ್ತಾ ನನಗೆ ಅನಿಸಿದ್ದು, ಇದೆಲ್ಲ ಪಾತ್ರೆಯನ್ನು ಹೇಗೆ ಮಾಡಿದರು ಅಂತ ಹೇಳುತ್ತದೆಯೇ ಹೊರತು ಯಾವುದರಿಂದ ಮಾಡಿದರು ಅಂತ ಹೇಳುವುದಿಲ್ಲ. ಕಬ್ಬಿಣವನ್ನೂ ಮರಳಿನಲ್ಲಿ ಹೊಯ್ಯುತ್ತಾರೆ, ಅಲ್ಯೂಮಿನಿಯಮ್ಮನ್ನೂ ಹೊಯ್ಯುತ್ತಾರೆ, ಕಂಚನ್ನೂ ಹೊಯ್ಯುತ್ತಾರೆ.

ಈ ಸಲದ ಮುಖ್ಯ ಕೇಸ್ ಅಂಥದ್ದೇ. ದಪ್ಪನೆಯ ಬಾಣಲೆ, ಒಳಗೂ ಹೊರಗೂ ಪೂರ್ತಿ ಕಪ್ಪು, ಹೊರಮೈ ಕಾಳುಕಾಳು. ಫೋಟೋ ನೋಡಿದ ಗೆಳೆಯರೆಲ್ಲ ಬೀಡು ಕಬ್ಬಿಣ ಅಂದರು. ಇಲ್ಲಿ ಹೊಳಪಿನ ಲೆಕ್ಕ ಉಪಯೋಗಕ್ಕೆ ಬರಲಿಲ್ಲ. ಅದರ ಮೇಲಿನ ಹೊಳೆಯುವ ಚುಕ್ಕೆಗಳು ಬೆಳ್ಳಗಿದ್ದವು, ಅಂದರೆ ಕ್ಯಾಮೆರಾಗೆ ಕಾಣುತ್ತಿದ್ದದ್ದು ಲೋಹ ಅಲ್ಲ, ಸುಟ್ಟು ಗಟ್ಟಿಯಾದ ಎಣ್ಣೆಯ ಪದರ. ಅದು ಕೆಳಗೆ ಯಾವ ಲೋಹ ಇದ್ದರೂ ಹೀಗೇ ಕಾಣುತ್ತದೆ. ಹೊರಗಡೆಯದ್ದಂತೂ ಬರೀ ಮಸಿ.

ಹಾಗಾಗಿ ಸವೆದ ಜಾಗಗಳನ್ನು ಹುಡುಕಿದೆ. ಸೌಟು ತಾಗಿ ತಾಗಿ ಅಂಚಿನಲ್ಲಿ ಒಂದು ಕಡೆ ಕಪ್ಪು ಹೋಗಿತ್ತು. ಫೋಟೋ ದೊಡ್ಡದು ಮಾಡಿದಾಗ ಅಲ್ಲಿ ತಿಳಿ ಬೆಳ್ಳಿ ಬಣ್ಣ, ಕಾಗದದ ಪ್ರತಿಬಿಂಬಕ್ಕೆ ಹತ್ತಿರ. ಬೀಡು ಕಬ್ಬಿಣದ ಬರಿಮೈ ಇಷ್ಟು ಬಿಳಿ ಇರುವುದಿಲ್ಲ, ಅದು ಕಡು ಬೂದು. ತಳದಲ್ಲಿ ಸಣ್ಣ ಗುಳಿಗಳು ಇದ್ದವು, ಅವುಗಳೊಳಗೆ ಬಿಳಿ ಪುಡಿ ಕೂತಿತ್ತು. ಕಬ್ಬಿಣದ ಗುಳಿಯಲ್ಲಿ ಕೂರುವುದು ಕೆಂಗಂದು ತುಕ್ಕು. ಅಲ್ಯೂಮಿನಿಯಂ ಕೊರೆದುಹೋದ ಜಾಗದಲ್ಲಿ ಬಿಳಿ ಪುಡಿ ಬರುತ್ತದೆ. ಕಂಚಾಗಿದ್ದರೆ ಹಸಿರು ಕಿಲುಬು ಇರಬೇಕಿತ್ತು. ನನ್ನ ಪ್ರಕಾರ ಹಾಳಾದ ಜಾಗವೇ ಫೋಟೋದಲ್ಲಿ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ. ಹೊಳಪು ಬೆಳಕಿನ ಮೇಲೆ ಬದಲಾಗುತ್ತದೆ, ತುಕ್ಕಿನ ಬಣ್ಣ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಬಿಳಿ ಪುಡಿಯೊಂದರಲ್ಲೇ ಸ್ವಲ್ಪ ಅನುಮಾನ ಇಟ್ಟುಕೊಳ್ಳಬೇಕು, ಗಡಸು ನೀರಿನ ಸುಣ್ಣದ ಕಲೆಯೂ ಬಿಳಿಯೇ. ಸುಣ್ಣ ಮೇಲೆ ತಟ್ಟೆಯಂತೆ ಅಂಟಿರುತ್ತದೆ, ಗುಳಿ ಕೊರೆಯುವುದಿಲ್ಲ.

ಇನ್ನೊಂದು ಸಾಕ್ಷಿಯನ್ನೂ ಕೇಳಿದೆ: ಆ ಸವೆದ ಜಾಗವನ್ನು ತಿಕ್ಕಿ, ಎಣ್ಣೆ ಜಿಡ್ಡು ತೆಗೆದು, ಚಿಟಿಕೆ ಉಪ್ಪು ಕರಗಿಸಿದ ನೀರಿನ ಹನಿ ಇಟ್ಟು, ರಾತ್ರಿ ಒಂದು ಫೋಟೋ, ಬೆಳಿಗ್ಗೆ ಒಂದು ಫೋಟೋ. ಕಬ್ಬಿಣವಾದರೆ ಹನಿ ಒಣಗುವಷ್ಟರಲ್ಲಿ ಕಿತ್ತಳೆ ಬಣ್ಣದ ಕಲೆ ಬೀಳುತ್ತದೆ. ಇಲ್ಲಿ ಉಪ್ಪಿನ ಉಂಗುರ ಬಿಟ್ಟರೆ ಏನೂ ಇಲ್ಲ. ಉತ್ತರ ಬರೆದಿಟ್ಟೆ: ಎರಕದ ಅಲ್ಯೂಮಿನಿಯಂ.

ಆಮೇಲೆ ಪರೀಕ್ಷೆ. ಆಯಸ್ಕಾಂತ ಹಿಡಿಯಲಿಲ್ಲ. ಅದರಿಂದ ಬೀಡು ಕಬ್ಬಿಣ ಮಾತ್ರ ಹೊರಗೆ ಹೋಯಿತು. ಸ್ಟೀಲ್ ಹೋಗಲಿಲ್ಲ, ಯಾಕಂದರೆ 304 ದರ್ಜೆಯ ಸ್ಟೀಲ್ ಆಯಸ್ಕಾಂತಕ್ಕೆ ಅಂಟುವುದಿಲ್ಲ, 430 ದರ್ಜೆಯದ್ದು ಅಂಟುತ್ತದೆ. ಕೊನೆಗೆ ತೂಕ. ಒಣಗಿದಾಗ 1,350 ಗ್ರಾಂ. ದಾರದಲ್ಲಿ ಕಟ್ಟಿ ಪೂರ್ತಿ ನೀರಿನಲ್ಲಿ ಮುಳುಗಿಸಿ, ತಳಕ್ಕೆ ತಾಗದ ಹಾಗೆ ತೂಗುಬಿಟ್ಟಾಗ 850 ಗ್ರಾಂ. ವ್ಯತ್ಯಾಸ 500, ಒಣ ತೂಕವನ್ನು ಅದರಿಂದ ಭಾಗಿಸಿದರೆ 2.7. ಅಲ್ಯೂಮಿನಿಯಮ್ಮಿನ ಸಾಂದ್ರತೆ ಅದೇ. ಬೀಡು ಕಬ್ಬಿಣಕ್ಕೆ ಸುಮಾರು 7.2, ಕಂಚಿಗೆ 8.7ರ ಆಸುಪಾಸು ಬರಬೇಕಿತ್ತು. ಬೀಡು ಕಬ್ಬಿಣದಲ್ಲಿ ಇಷ್ಟೇ ದೊಡ್ಡ ಬಾಣಲೆ ಮಾಡಿದ್ದರೆ 3,600 ಗ್ರಾಂ ತೂಗುತ್ತಿತ್ತು. ಮುಳುಗಿಸುವಾಗ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳದ ಹಾಗೆ ಓರೆ ಮಾಡಿ ಇಳಿಸಬೇಕು, ಇಲ್ಲದಿದ್ದರೆ ಅಂಕಿ ಕಡಿಮೆ ಬರುತ್ತದೆ.

ಮುಂದಿನ ಸಾಲಿನಲ್ಲಿ ಇರುವುದು ಎಲ್ಲೂ ಸವೆಯದ ಕಪ್ಪು ಪಾತ್ರೆಗಳು. ಎಣ್ಣೆ ಹಾಕಿ ಪಳಗಿಸಿದ ಬೀಡು ಕಬ್ಬಿಣ ಮತ್ತು ಅದೇ ತರ ಪಳಗಿಸಿದ ತೆಳು ಕಬ್ಬಿಣದ ತಗಡು, ಎರಡರ ಮೇಲ್ಮೈಯೂ ಒಂದೇ. ಅಲ್ಲಿ ಅಂಚಿನ ದಪ್ಪ ನೋಡುತ್ತಿದ್ದೇನೆ. ಬೀಡು ಕಬ್ಬಿಣ ಪೆಡಸು, ತೆಳ್ಳಗೆ ಮಾಡಿದರೆ ಒಡೆಯುತ್ತದೆ, ಅದಕ್ಕೆ ಅಂಚು ದಪ್ಪಗಿರುತ್ತದೆ. ಅಂಚು ಪಕ್ಕದಿಂದ ಕಾಣುವ ಹಾಗೆ, ಜೊತೆಗೆ ಒಂದು ಅಳತೆಪಟ್ಟಿ ಇಟ್ಟು ತೆಗೆದ ಫೋಟೋ ಇದ್ದರೆ ಇಂಥ ಪಾತ್ರೆಗಳ ಸಾಲು ಸ್ವಲ್ಪ ಸರಿಯಬಹುದು. ಮೇಲಿನಿಂದ ಮಾತ್ರ ತೆಗೆದವನ್ನು ಸದ್ಯಕ್ಕೆ ‘ಗೊತ್ತಾಗಲಿಲ್ಲ’ ಅಂತಲೇ ಬರೆದಿಡುತ್ತಿದ್ದೇನೆ.