Skip ಒತ್ತಿದ ಆ ಸಂಜೆ

ಶಿರಸಿಯಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಾರಾಟ, ರಿಪೇರಿ ಎರಡೂ ನನ್ನದೇ. ಹಳೆ ಫೋನಿನಿಂದ ಹೊಸದಕ್ಕೆ ವಾಟ್ಸಾಪ್ ತುಂಬಿಸುವುದು ದಿನಾ ಇರುವ ಕೆಲಸ. ಕಣ್ಮುಚ್ಚಿ ಮಾಡುತ್ತೇನೆ ಅಂದುಕೊಂಡಿದ್ದೆ. ಒಂದು ಮಳೆಗಾಲದಲ್ಲಿ ಆ ಜಂಭ ಇಳಿಯಿತು.

ವಾನಳ್ಳಿ ಕಡೆಯ ತೋಟದವರೊಬ್ಬರು ಬಂದರು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಫೋನು ಜೇಬಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದಿತ್ತು. ಡಿಸ್ಪ್ಲೇ ಪೂರ್ತಿ ಕಪ್ಪು, ಆದರೆ ಕಾಲ್ ಮಾಡಿದರೆ ರಿಂಗ್ ಆಗುತ್ತಿತ್ತು. ಐದು ವರ್ಷದ ಹಳೆ ಫೋನು. ರಿಪೇರಿ ಬೇಡ, ಹೊಸದೇ ಕೊಡು ಅಂದರು. ಅದರಲ್ಲಿ ಆಳುಗಳ ಲೆಕ್ಕದ ಫೋಟೋ, ಅಡಿಕೆ ವ್ಯಾಪಾರಿಯ ಜೊತೆಗಿನ ಮಾತುಕತೆ, ಬೆಂಗಳೂರಿನ ಮಗಳು ಕಳಿಸಿದ ಮೊಮ್ಮಗುವಿನ ವಿಡಿಯೋ ಎಲ್ಲ ಇತ್ತು.

ಹೊಸ ಫೋನಿಗೆ ಅವರ ಜಿಮೇಲ್ ಹಾಕಿದೆ. ಪಾಸ್‌ವರ್ಡ್ ಅವರ ಡೈರಿಯಲ್ಲೇ ಇತ್ತು, ನನ್ನ ಪುಣ್ಯ. ಸಿಮ್ ಹಾಕಿ ವಾಟ್ಸಾಪ್ ತೆರೆದು ನಂಬರ್ ಕೊಟ್ಟೆ, ಓಟಿಪಿ ಬಂತು. ಬ್ಯಾಕಪ್ ಸಿಕ್ಕಿದೆ, ಮೂರು ಜಿಬಿ ಚಿಲ್ಲರೆ ಇದೆ, Restore ಮಾಡಲಾ ಅಂತ ಕೇಳಿತು. ಅವತ್ತು ಗಾಳಿಮಳೆಗೆ ಅಂಗಡಿಯ ಇಂಟರ್ನೆಟ್ ತೆವಳುತ್ತಿತ್ತು. ‘ತಮ್ಮಾ, ಬಸ್ಸು ತಪ್ಪಿ ಹೋಗ್ತು ಮಾರಾಯ’ ಅಂತ ಅವರು ಎದ್ದು ನಿಂತರು.

‘ಸರಿ ಭಾವ, ನಾಳೆ ಬನ್ನಿ, ಹಾಕಿ ಕೊಡ್ತೆ’ ಅಂದೆ. Skip ಒತ್ತಿದೆ.

ಅಷ್ಟೇ ಮಾಡಿದ್ದರೆ ಬಚಾವಾಗುತ್ತಿತ್ತೇನೋ. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಇನ್ನೊಂದು ಕೆಲಸ ಮಾಡಿದೆ. Chat backup ಗೆ ಹೋಗಿ, ಇನ್ನು ಮೇಲೆ ದಿನಾ ಬ್ಯಾಕಪ್ ಆಗಲಿ ಅಂತ Daily ಇಟ್ಟೆ. ಮನೆಯಲ್ಲಿ ವೈಫೈ ಇಲ್ಲ ಅಂದಿದ್ದರು, ಅದಕ್ಕೆ Back up using cellular ಕೂಡ ಆನ್ ಮಾಡಿದೆ.

ಮರುದಿನ ಬೆಳಿಗ್ಗೆ ಅವರು ಬಂದಾಗ ವಾಟ್ಸಾಪ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಹಾಗೆ ಮಾಡದೆ Restore ಮತ್ತೆ ಕೇಳುವುದೇ ಇಲ್ಲ. ಈ ಸಲವೂ ಬ್ಯಾಕಪ್ ಸಿಕ್ಕಿತು. ಆದರೆ ತಾರೀಖು ಅವತ್ತಿನದೇ, ಅಳತೆ ಎರಡು ಎಂಬಿಗೂ ಕಡಿಮೆ. ನನ್ನ ಕೈಕಾಲು ತಣ್ಣಗಾಯಿತು.

ಏನಾಗಿತ್ತು ಅಂದರೆ, ಒಂದು ನಂಬರ್, ಒಂದು ಗೂಗಲ್ ಅಕೌಂಟ್ ಅಂದರೆ ಡ್ರೈವ್‌ನಲ್ಲಿ ವಾಟ್ಸಾಪಿನ ಬ್ಯಾಕಪ್ ಒಂದೇ ಇರುತ್ತದೆ. ಹೊಸದು ಬಂದರೆ ಹಳೆಯದರ ಮೇಲೆಯೇ ಬೀಳುತ್ತದೆ, ಹಿಂದಿನದು ಸಿಗುವುದಿಲ್ಲ. ರಾತ್ರಿ ಆ ಖಾಲಿ ವಾಟ್ಸಾಪು ನಾನು ಹೇಳಿಕೊಟ್ಟ ಹಾಗೆಯೇ ಶಿಸ್ತಾಗಿ ಬ್ಯಾಕಪ್ ಮಾಡಿಕೊಂಡಿತ್ತು. ಐದು ವರ್ಷದ ಚಾಟ್ ಜಾಗದಲ್ಲಿ ಒಂದು ಸಂಜೆಯ ನಾಲ್ಕು ಮೆಸೇಜು. ಫೋಟೋ, ವಿಡಿಯೋಗಳೂ ಆ ಬ್ಯಾಕಪ್ಪಿನ ಭಾಗವೇ.

ಉಳಿಸಿದ್ದು ಹಳೆ ಫೋನು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪು ಡ್ರೈವ್‌ಗೆ ಕಳಿಸಲಿ ಬಿಡಲಿ, ದಿನಾ ರಾತ್ರಿ ಎರಡು ಗಂಟೆ ಹೊತ್ತಿಗೆ ಫೋನಿನೊಳಗೇ ಒಂದು ಪ್ರತಿ ಮಾಡಿಟ್ಟುಕೊಳ್ಳುತ್ತದೆ. ಸುಮಾರು ಒಂದು ವಾರದ ಪ್ರತಿಗಳು ಅಲ್ಲಿರುತ್ತವೆ. ಫೋನು ಜೀವಂತ ಇದ್ದರೆ ಅದನ್ನು ತೆಗೆಯಬಹುದು. ಅದೇ ಮಾಡೆಲ್ಲಿನ ಒಂದು ಹಳೆ ಡಿಸ್ಪ್ಲೇ ಅಂಗಡಿಯಲ್ಲಿ ಬಿದ್ದಿತ್ತು. ಅಂಟಿಸದೆ ಸುಮ್ನೆ ಕನೆಕ್ಟರ್ ಕೂರಿಸಿದೆ. ಬಂತು! ಅವರ ಹತ್ತಿರ ಪ್ಯಾಟರ್ನ್ ಹಾಕಿಸಿ ಲಾಕ್ ತೆಗೆಸಿದೆ. ಲಾಕ್ ತೆಗೆಯದೆ ಕೇಬಲ್ ಹಾಕಿದರೆ ಕಂಪ್ಯೂಟರಿಗೆ ಏನೂ ಕಾಣುವುದಿಲ್ಲ. ಹಳೆ ವಾಟ್ಸಾಪು ‘ನಂಬರ್ ಬೇರೆ ಫೋನಿನಲ್ಲಿದೆ’ ಅನ್ನುತ್ತಿತ್ತು, ಅದನ್ನು ಮುಟ್ಟಲಿಲ್ಲ. ಕಂಪ್ಯೂಟರಿನಲ್ಲಿ ಈ ಫೋಲ್ಡರ್ ತೆರೆದೆ:

```
Android/media/com.whatsapp/WhatsApp
```

ಒಳಗಿನ `Databases` ನಲ್ಲಿ ಚಾಟ್, `Media` ದಲ್ಲಿ ಫೋಟೋ, ವಿಡಿಯೋ, ವಾಯ್ಸ್ ಮೆಸೇಜು. `msgstore.db` ಅಂತ ಶುರುವಾಗುವ ಫೈಲಿನ ತಾರೀಖು ನೋಡಿದೆ. ಹಿಂದಿನ ದಿನದ ನಸುಕಿನದು. ಇಡೀ `WhatsApp` ಫೋಲ್ಡರ್ ಕಂಪ್ಯೂಟರಿಗೆ ಕಾಪಿ ಮಾಡಿದೆ, ಕ್ಯಾಮೆರಾ ಫೋಟೋ ಇರುವ `DCIM` ಕೂಡ.

ಹೊಸ ಫೋನಿನಲ್ಲಿ ಈ ಸಲ ನಿಧಾನ ಮಾಡಿದೆ. ಮೊದಲು ವಾಟ್ಸಾಪ್ ತೆಗೆದೆ. ಅದೇ ಹೆಸರಿನ ಫೋಲ್ಡರ್ ಅದೇ ಜಾಗದಲ್ಲಿ ಮಾಡಿ ಫೈಲುಗಳನ್ನು ಹಾಕಿದೆ. ಆಮೇಲೆ ವಾಟ್ಸಾಪ್ ಇನ್‌ಸ್ಟಾಲ್ ಮಾಡಿದೆ, ಆದರೆ ತೆರೆಯಲಿಲ್ಲ. ತೆರೆದರೆ ಡ್ರೈವ್‌ನಲ್ಲಿರುವ ಖಾಲಿ ಬ್ಯಾಕಪ್ಪನ್ನೇ ಮುಂದೆ ಮಾಡುತ್ತದೆ ಅಲ್ವಾ? ಅದಕ್ಕೆ ಗೂಗಲ್ ಅಕೌಂಟನ್ನು ಸೆಟ್ಟಿಂಗ್ಸ್‌ನಿಂದ ಸ್ವಲ್ಪ ಹೊತ್ತಿಗೆ ತೆಗೆದೆ. ಈಗ ತೆರೆದು ಅದೇ ನಂಬರ್ ಕೊಟ್ಟು, ಫೈಲ್ ನೋಡಲು ಅನುಮತಿ ಕೇಳಿದ್ದಕ್ಕೆ ಒಪ್ಪಿದೆ. ಫೋನಿನಲ್ಲಿರುವ ಬ್ಯಾಕಪ್ ಸಿಕ್ಕಿದೆ ಅಂತ ಬಂತು. Restore. ನಾಲ್ಕೈದು ನಿಮಿಷದಲ್ಲಿ ಚಾಟ್ ಎಲ್ಲ ಸಾಲಾಗಿ ನಿಂತವು.

ನಾನು ಹಗುರಾಗಿ ಉಸಿರು ಬಿಟ್ಟೆ. ಅವರು ಚಹಾ ತರಿಸಿದರು. ತಪ್ಪು ನನ್ನದು, ಚಹಾ ಅವರದು.

ಇಲ್ಲೇ ಇನ್ನೊಂದು ವಿಷಯ ಗೊತ್ತಾಯಿತು. ನಾನು ಹಿಂದಿನ ಸಂಜೆ ನೋಡಿದ ಮೂರು ಜಿಬಿ ಬ್ಯಾಕಪ್ ಇತ್ತಲ್ಲ, ಅದೂ ಹಳೆಯದೇ. ಆ ಕೊನೆಯ ಬ್ಯಾಕಪ್ ಮೇ ತಿಂಗಳದ್ದು. ದಿನಾ ಆಗಲಿ ಅಂತಲೇ ಇತ್ತು, ಆದರೆ ವೈಫೈ ಇದ್ದರೆ ಮಾತ್ರ. ಅವರಿಗೆ ವೈಫೈ ಸಿಕ್ಕಿದ್ದು ಮೇನಲ್ಲಿ ಮಗಳ ಮನೆಗೆ ಹೋದಾಗ. ಅಂದರೆ ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋದಾಗ ಮಾತ್ರ ಇವರ ಫೋನು ಬ್ಯಾಕಪ್ ಆಗುತ್ತಿತ್ತು! ಗೂಗಲ್ ಫೋಟೋಸ್ ಕಥೆಯೂ ಅದೇ. ಜೊತೆಗೆ ಅದು ಕ್ಯಾಮೆರಾ ಫೋಟೋಗಳನ್ನು ಮಾತ್ರ ಕಳಿಸುತ್ತಿತ್ತು. ವಾಟ್ಸಾಪಿನಲ್ಲಿ ಬಂದವನ್ನು ಕಳಿಸಬೇಕಾದರೆ Back up device folders ಗೆ ಹೋಗಿ WhatsApp Images, WhatsApp Video ಎರಡನ್ನೂ ಬೇರೆಯಾಗಿ ಆನ್ ಮಾಡಬೇಕು. ಮೊಮ್ಮಗು ಇರುವುದು ಆ ಫೋಲ್ಡರುಗಳಲ್ಲೇ, ಕ್ಯಾಮೆರಾದಲ್ಲಿ ಇರುವುದು ಬರೀ ಅಡಿಕೆ ಗೊನೆ.

ಹಾಗಾಗಿ ಈಗ ನಾನು ಸ್ವಿಚ್ ಆನ್ ಇದೆಯಾ ಅಂತ ನೋಡುವುದಿಲ್ಲ, ಕೊನೆಯ ಬ್ಯಾಕಪ್ಪಿನ ತಾರೀಖು ಮತ್ತು ಅಳತೆ ನೋಡುತ್ತೇನೆ. ಅದರ ಕೆಳಗೆ ಯಾವ ಜಿಮೇಲ್ ಇದೆ ಅಂತಲೂ. ನಮ್ಮಂಥ ಅಂಗಡಿಯವರು ಪ್ರತಿ ಹೊಸ ಫೋನಿಗೂ ಒಂದು ಹೊಸ ಜಿಮೇಲ್ ಮಾಡಿ ಕೊಡುತ್ತೇವೆ, ಆ ಚಾಳಿ ನನಗೂ ಇತ್ತು. ಬ್ಯಾಕಪ್ ಒಂದು ಅಕೌಂಟಿನಲ್ಲಿ, ಹೊಸ ಫೋನು ಇನ್ನೊಂದರಲ್ಲಿ ಇದ್ದರೆ ‘ಬ್ಯಾಕಪ್ ಇಲ್ಲ’ ಅನ್ನುತ್ತದೆ. ಈಗ ಜಿಮೇಲ್ ವಿಳಾಸವನ್ನು ಫೋನಿನ ಬಾಕ್ಸ್ ಮೇಲೆ ಬರೆದುಕೊಡುತ್ತೇನೆ, ಪಾಸ್‌ವರ್ಡ್ ಮಾತ್ರ ಅವರೇ ಮನೆಯಲ್ಲಿ ಬರೆದಿಟ್ಟುಕೊಳ್ಳಲಿ.

Restore ಅರ್ಧದಲ್ಲಿ ಬಿಡುವ ಪ್ರಸಂಗ ಈಗಲೂ ಬರುತ್ತದೆ. ಆಗ Skip ಒತ್ತುವುದಿಲ್ಲ. ವಾಟ್ಸಾಪ್ ತೆರೆಯದೆ ಫೋನು ಕೊಟ್ಟು ಕಳಿಸುತ್ತೇನೆ. ವಾಟ್ಸಾಪ್ ಈಗಲೇ ಬೇಕು ಅಂತ ಹಠ ಹಿಡಿದರೆ ಮಾತ್ರ Skip ಒತ್ತಿ, ಕೂಡಲೇ Chat backup ನಲ್ಲಿ Off ಇಟ್ಟು, ನಾಳೆವರೆಗೆ ಅಲ್ಲಿ ಏನೂ ಮುಟ್ಟಬೇಡಿ ಅನ್ನುತ್ತೇನೆ.

ಭಾವನ ಫೋನಿಗೆ ಮೊದಲ ದೊಡ್ಡ ಬ್ಯಾಕಪ್ಪನ್ನು ಅಂಗಡಿಯ ವೈಫೈನಲ್ಲೇ ಮಾಡಿಸಿದೆ. ಬ್ಯಾಕಪ್ಪಿನಿಂದ ವಿಡಿಯೋ ಬಿಟ್ಟೆ. ಇಲ್ಲದಿದ್ದರೆ ಜಿಮೇಲ್, ಫೋಟೋ, ವಾಟ್ಸಾಪ್ ಮೂರಕ್ಕೂ ಸೇರಿ ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಬೇಗ ತುಂಬಿ, ಬ್ಯಾಕಪ್ ನಿಂತುಹೋಗುತ್ತದೆ. ವಿಡಿಯೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಕಿಟಕಿಯಲ್ಲಿ ಮಾತ್ರ. ರಾತ್ರಿ ಫೋನನ್ನು ಅಲ್ಲೇ ಚಾರ್ಜಿಗೆ ಇಡಿ ಅಂದಿದ್ದೆ. ದಸರಾ ಹೊತ್ತಿಗೆ ಪೇಟೆಗೆ ಬಂದವರು ಅಂಗಡಿಗೆ ಬಂದು, ಕೇಳುವ ಮೊದಲೇ Chat backup ತೆರೆದು ತೋರಿಸಿದರು. ಅವತ್ತು ನಸುಕಿನ ತಾರೀಖು.